ಆಕಳ ಮೈಮೇಲಿನ ಗಂಟು: ಡಾಕ್ಟರಿಗೆ ಫೋನ್ ಮಾಡೋ ಮೊದಲು ನಾನು ತೆಗೆದ ಫೋಟೋಗಳು

2022ರಲ್ಲಿ ನಮ್ಮ ಹಾವೇರಿ ಕಡೆ ಚರ್ಮಗಂಟು ರೋಗ ಜೋರಾಗಿತ್ತು. ಒಂದು ಬೆಳಿಗ್ಗೆ ಹಾಲು ಕರೆಯುವಾಗ ನಮ್ಮ ಎಚ್ಎಫ್ ಆಕಳ ಕುತ್ತಿಗೆ ಮೇಲೆ ಕೈ ಇಟ್ಟೆ, ಅಡಿಕೆಯಷ್ಟು ದಪ್ಪದ ಗಂಟುಗಳು ಸಿಕ್ಕವು. ಗಾಬರಿಯಲ್ಲಿ ಫ್ಲ್ಯಾಶ್ ಹಾಕಿ ನಾಲ್ಕು ಫೋಟೋ ತೆಗೆದು ಪಶುವೈದ್ಯರಿಗೆ ಕಳಿಸಿದೆ. "ಬರೀ ಕಪ್ಪು ಕಾಣ್ತಿದೆ ರೀ, ಗಂಟು ಎಲ್ಲಿದೆ?" ಅಂದರು.

ಫ್ಲ್ಯಾಶ್ ಎದುರಿನಿಂದ ಬಿದ್ದರೆ ಗಂಟಿನ ನೆರಳೇ ಬೀಳುವುದಿಲ್ಲ, ಕಪ್ಪು ಮೈಯಲ್ಲಿ ಎಲ್ಲಾ ಸಪಾಟಾಗಿ ಕಾಣುತ್ತದೆ. ಅವಳನ್ನು ಅಂಗಳಕ್ಕೆ ತಂದು, ಬೆಳಗಿನ ಓರೆ ಬಿಸಿಲು ಮೈಮೇಲೆ ಅಡ್ಡ ಬೀಳುವ ಹಾಗೆ ನಿಲ್ಲಿಸಿದೆ. ಅದೇ ಫೋನಿನಲ್ಲಿ ಒಂದೊಂದು ಗಂಟೂ ಎದ್ದು ಕಂಡಿತು.

ಮೊದಲು ಎರಡೂ ಮಗ್ಗುಲು, ಇಡೀ ದನ ಕಾಣುವ ಹಾಗೆ ದೂರದಿಂದ ತೆಗೆದೆ. ಗಂಟು ಎಷ್ಟು, ಎಲ್ಲೆಲ್ಲಿ ಅನ್ನೋದು ಇದರಲ್ಲೇ ಗೊತ್ತಾಗೋದು, ಹತ್ತಿರದ ಫೋಟೋದಲ್ಲಿ ಅಲ್ಲ. ಆಮೇಲೆ ಮೂರು ಗಂಟು ಆರಿಸಿ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಹಿಡಿದು ಹತ್ತಿರದಿಂದ ತೆಗೆದೆ. ನಾಣ್ಯದ ಅಗಲ 27 ಮಿಲಿಮೀಟರ್, ಹಾಗಾಗಿ ಅಳತೆ ಅಂದಾಜಾಗುತ್ತದೆ. ಸುತ್ತ ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆದೆ, ಮರುದಿನ ಅದೇ ಗಂಟು ಹುಡುಕಬೇಕಲ್ವಾ. ಕೆಚ್ಚಲು, ಬಾಲದ ಕೆಳಗೆ, ಮೂತಿ, ಗಂಗೆದೊಗಲು, ಇವನ್ನೂ ಬಿಡಲಿಲ್ಲ. ಎಡಗಡೆ ಮುಂಗಾಲು ಬಲಗಾಲಿಗಿಂತ ದಪ್ಪ ಇತ್ತು, ಎರಡೂ ಕಾಲನ್ನು ಒಂದೇ ಫೋಟೋದಲ್ಲಿ ತೆಗೆದೆ.

ಫೋಟೋ ಹೇಳದ್ದನ್ನು ಬರೆದು ಕಳಿಸಬೇಕು. ಗಂಟು ಗಟ್ಟಿಯೋ ಮೆತ್ತಗೋ, ಒತ್ತಿದರೆ ಚರ್ಮದ ಜೊತೆಗೇ ಸರಿಯುತ್ತದೋ ಅಂತ ಮುಟ್ಟಿಯೇ ನೋಡಬೇಕು. ನಮ್ಮದು ಗಟ್ಟಿ ಇತ್ತು, ಚರ್ಮದೊಳಗೇ ಕೂತಿತ್ತು. ಹುಳ ಕಡಿದೋ ಮೈಗೆ ಒಗ್ಗದ್ದೇನೋ ಆಗಿಯೋ ಏಳುವ ದದ್ದು ಮೆತ್ತಗಿರುತ್ತದೆ, ಎಷ್ಟೋ ಸಲ ಸಂಜೆಯೊಳಗೆ ಇಳಿಯುತ್ತದೆ. ಅದಕ್ಕೇ ಸಂಜೆ ಮತ್ತೆ ಅದೇ ಮೂರು ಗಂಟಿನ ಫೋಟೋ ತೆಗೆದೆ, ಒಂದೂ ಇಳಿದಿರಲಿಲ್ಲ. ಜ್ವರ 105 ಡಿಗ್ರಿ, ಆರು ಲೀಟರ್ ಹಾಲು ನಾಲ್ಕಕ್ಕೆ ಇಳಿದದ್ದು, ಗಂಟು ಕಂಡ ದಿನ, ಇಷ್ಟನ್ನೂ ಬರೆದೆ. ಫೋಟೋಗಳನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದೆ, ಸುಮ್ನೆ ಕಳಿಸಿದರೆ ಚಿತ್ರ ಮಂಕಾಗುತ್ತದೆ.

ಇದೆಲ್ಲಾ ಸಂಶಯಕ್ಕಷ್ಟೇ. ಯಾವ ರೋಗ ಅಂತ ಡಾಕ್ಟರೇ ನೋಡಿ ಹೇಳಬೇಕು. ಉಸಿರಾಟಕ್ಕೆ ಕಷ್ಟ, ಮೇವು ಪೂರ್ತಿ ಬಿಟ್ಟಿದೆ ಅಂದರೆ ಫೋಟೋ ಅಂತ ಕೂರಬೇಡಿ, ತಕ್ಷಣ ಫೋನ್ ಮಾಡಿ. ಅವಳನ್ನು ಬೇರೆ ದನಗಳಿಂದ ದೂರ ಕಟ್ಟುವುದಕ್ಕೂ ನಾನು ಕಾಯಲಿಲ್ಲ, ಕಚ್ಚುವ ನೊಣ, ಸೊಳ್ಳೆ, ಉಣ್ಣಿಯಿಂದ ಇದು ಹರಡುತ್ತದೆ.

ಡಾಕ್ಟರು ಬಂದು ಚರ್ಮಗಂಟು ಅಂದರು, ಚಿಕಿತ್ಸೆ ಶುರುವಾಯಿತು. ಮೂರನೇ ವಾರ ಕುತ್ತಿಗೆಯ ಒಂದು ಗಂಟಿನ ಸುತ್ತ ಚರ್ಮ ಬಿರಿದು, ನಡುವಿನ ಸತ್ತ ಭಾಗ ಬಿರಡೆಯ ಹಾಗೆ ಬಿಡಿಸಿಕೊಳ್ಳುತ್ತಿತ್ತು. ಅದೇ ನಾಣ್ಯ ಇಟ್ಟು ತೆಗೆದು ಕಳಿಸಿದೆ. "ಕೀಳಬೇಡಿ, ಹುಳ ಬೀಳದ ಹಾಗೆ ನೋಡ್ಕೊಳ್ಳಿ, ನಾಳೆ ಬರ್ತೀನಿ" ಅಂದರು.