ಒಂದೇ ಸಾಲಾಗಿ ಬಂದ ಹಾಡನ್ನು ಪಲ್ಲವಿ, ಚರಣವಾಗಿ ಬಿಡಿಸುವುದು ಹೇಗೆ?

ಕಾಸರಗೋಡಿನ ನಮ್ಮ ನೆರೆಮನೆಯ ಟೀಚರ್ ಶಾಲೆಯ ವಾರ್ಷಿಕೋತ್ಸವಕ್ಕೆಂದು ಚಂದ್ರಗಿರಿ ಹೊಳೆಯ ಮೇಲೆ ಒಂದು ಹಾಡು ಬರೆದಿದ್ದರು. ಯಾರೋ ಅದನ್ನು ಟೈಪ್ ಮಾಡಿ, ಮತ್ಯಾರೋ ಕಾಪಿ ಮಾಡಿ, ಕೊನೆಗೆ ನನ್ನ ಮೊಬೈಲಿಗೆ ಬರುವಷ್ಟರಲ್ಲಿ ಸಾಲುಗಳೆಲ್ಲ ಅಂಟಿಕೊಂಡು ಹೀಗಾಗಿತ್ತು:

ಹರಿ ಹರಿ ಹೊಳೆಯೇ ಕಡಲಿನ ಕಡೆಗೆ ತಿರುಗದೆ ಹಿಂದಕೆ ಬೆಟ್ಟದ ಎಡೆಗೆ ತೋಟದ ಅಡಿಕೆಗೆ ನೀರನು ಉಣಿಸಿ ದಾಟುವ ಜನಗಳ ಕಾಲನು ತಣಿಸಿ ಗದ್ದೆಯ ಬದುವಲಿ ಮೆಲ್ಲನೆ ಇಳಿದು ಸದ್ದಿರದಂತೆಯೆ ಕೆಸರನು ತೊಳೆದು ಹರಿ ಹರಿ ದೋಣಿಯ ಹುಟ್ಟಿಗೆ ತಾಳವ ಕಲಿಸಿ ಕಾಣದ ಊರಿನ ಕಥೆ ಬೆರೆಸಿ ಕೋಟೆಯ ನೆರಳಲಿ ಒಂದರೆಗಳಿಗೆ ನೋಟವ ಬೀರುತ ಅಳಿವೆಯ ಬಳಿಗೆ ಹರಿ ಹರಿ

ಇದನ್ನು ನೋಡಿಕೊಂಡು ಮಕ್ಕಳು ಹಾಡುವುದು ಹೇಗೆ? ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಮೊದಲು ಮೂಲವನ್ನು ಹಾಗೇ ಉಳಿಸಿ, ಇನ್ನೊಂದು ಪ್ರತಿಯಲ್ಲಿ ಕೆಲಸ ಶುರು ಮಾಡಿ. ಹಾಡಿನ ಮೊದಲ ಎರಡು ಪದ ಮತ್ತೆ ಎಲ್ಲಿ ಬರುತ್ತದೆ ಹುಡುಕಿ. ಇಲ್ಲಿ ‘ಹರಿ ಹರಿ’ ಮೂರು ಸಲ ಇದೆ: ಆರಂಭದಲ್ಲಿ, ನಡುವೆ, ಕೊನೆಯಲ್ಲಿ. ನಡುವಿನದು ಮತ್ತು ಕೊನೆಯದು ಪಲ್ಲವಿಗೆ ಮರಳಿ ಎಂಬ ಸೂಚನೆ. ಇದನ್ನು ಗಮನಿಸದಿದ್ದರೆ ‘ಹರಿ ಹರಿ ದೋಣಿಯ’ ಎಂದು ಓದಿ, ದೋಣಿಯೇ ಹರಿಯುತ್ತಿದೆ ಅಂದುಕೊಳ್ಳುತ್ತೇವೆ. ಈ ಎರಡು ಸೂಚನೆಗಳ ಮುಂದೆ, ಹಿಂದೆ ಎಂಟರ್ ಒತ್ತಿದರೆ ಹಾಡು ಎರಡು ದೊಡ್ಡ ತುಂಡಾಗುತ್ತದೆ. ಮೊದಲ ತುಂಡಿನಲ್ಲಿ ಪಲ್ಲವಿಯೂ ಒಂದನೇ ಚರಣವೂ ಸೇರಿಕೊಂಡಿವೆ.

ಅವುಗಳನ್ನು ಬೇರೆ ಮಾಡಲು ಪ್ರಾಸ ನೋಡಬೇಕು. ‘ಕಡೆಗೆ’, ‘ಎಡೆಗೆ’ ಎರಡೂ ಒಂದೇ ದನಿ, ಅಲ್ವಾ? ಅಲ್ಲಿ ಸಾಲು ಮುಗಿಯುತ್ತದೆ. ಕನ್ನಡದಲ್ಲಿ ಇನ್ನೊಂದು ಒಳ್ಳೆಯ ಗುರುತಿದೆ: ಆದಿಪ್ರಾಸ, ಅಂದರೆ ಸಾಲಿನ ಎರಡನೇ ಅಕ್ಷರದ ವ್ಯಂಜನ ಹೊಂದುವುದು. ಹರಿ–ತಿರು, ತೋಟ–ದಾಟು, ಗದ್ದೆ–ಸದ್ದಿ. ‘ರ’ ಜೋಡಿ ಮುಗಿದು ‘ಟ’ ಜೋಡಿ ಶುರುವಾಗುವ ‘ತೋಟದ’ ಎಂಬಲ್ಲಿಂದ ಚರಣ. ಎಲ್ಲ ಕವಿಗಳೂ ಆದಿಪ್ರಾಸ ಇಡುವುದಿಲ್ಲ. ಇಟ್ಟಿದ್ದರೆ ಅದರಷ್ಟು ನಂಬಬಹುದಾದ ಗುರುತು ಬೇರೆ ಇಲ್ಲ.

ಅನುಮಾನ ಬಂದರೆ ಮಾತ್ರೆ ಎಣಿಸಿ. ಹ್ರಸ್ವ ಅಕ್ಷರಕ್ಕೆ ಒಂದು. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಹರಿಹರಿ’ 4, ‘ಹೊಳೆಯೇ’ 4, ‘ಕಡಲಿನ’ 4, ‘ಕಡೆಗೆ’ 3. ಒಟ್ಟು 15. ಉಳಿದ ಸಾಲುಗಳಿಗೂ ಇದೇ ಅಳತೆ.

ಈ ಲೆಕ್ಕ ಜಾಸ್ತಿ ಉಪಯೋಗಕ್ಕೆ ಬಂದದ್ದು ಎರಡನೇ ಚರಣದಲ್ಲಿ. ಅರ್ಥ ನೋಡಿ ಮುರಿಯಹೊರಟರೆ ‘ಒಂದರೆಗಳಿಗೆ ನೋಟವ ಬೀರುತ’ ಒಟ್ಟಿಗೆ ಇರಬೇಕು ಅನಿಸುತ್ತದೆ. ನಾನೂ ಮೊದಲು ಹಾಗೇ ಮುರಿದೆ. ಆಗ ‘ಕೋಟೆಯ ನೆರಳಲಿ’ ಎಂಬುದು ಬರೀ 8 ಮಾತ್ರೆಯ ಮೊಂಡು ಸಾಲಾಯಿತು. ‘ಒಂದರೆಗಳಿಗೆ’ಯನ್ನು ಮೇಲಕ್ಕೆ ಕಳಿಸಿದ ಕೂಡಲೇ 15 ಆಯಿತು. ಕೋಟೆ–ನೋಟ ಎಂಬ ಆದಿಪ್ರಾಸವೂ ಗಳಿಗೆ–ಬಳಿಗೆ ಎಂಬ ಅಂತ್ಯಪ್ರಾಸವೂ ತಾವಾಗಿಯೇ ಕೂಡಿಬಂದವು. ಹಾಡಿನಲ್ಲಿ ವಾಕ್ಯ ಸಾಲು ದಾಟಿ ಹೋಗಬಹುದು, ತಾಳ ದಾಟುವುದಿಲ್ಲ.

‘ಕಾಣದ ಊರಿನ ಕಥೆ ಬೆರೆಸಿ’ ಮಾತ್ರ ಎಷ್ಟು ಸಲ ಎಣಿಸಿದರೂ 13. ಇಲ್ಲಿ ಸಾಲು ಮುರಿದದ್ದು ತಪ್ಪಲ್ಲ, ಎರಡು ಅಕ್ಷರ ಬಿದ್ದುಹೋಗಿದೆ. ಸುಮ್ನೆ ಊಹಿಸಿ ತುಂಬಿಸಬೇಡಿ. ಟೀಚರಿಗೆ ಫೋನ್ ಮಾಡಿದೆ. ಅವರ ನೋಟ್‌ಬುಕ್ಕಿನಲ್ಲಿ ‘ಕಥೆಯನು’ ಎಂದಿತ್ತು.

ಪಲ್ಲವಿ
ಹರಿ ಹರಿ ಹೊಳೆಯೇ ಕಡಲಿನ ಕಡೆಗೆ
ತಿರುಗದೆ ಹಿಂದಕೆ ಬೆಟ್ಟದ ಎಡೆಗೆ

ಚರಣ 1
ತೋಟದ ಅಡಿಕೆಗೆ ನೀರನು ಉಣಿಸಿ
ದಾಟುವ ಜನಗಳ ಕಾಲನು ತಣಿಸಿ
ಗದ್ದೆಯ ಬದುವಲಿ ಮೆಲ್ಲನೆ ಇಳಿದು
ಸದ್ದಿರದಂತೆಯೆ ಕೆಸರನು ತೊಳೆದು
॥ಹರಿ ಹರಿ॥

ಚರಣ 2
ದೋಣಿಯ ಹುಟ್ಟಿಗೆ ತಾಳವ ಕಲಿಸಿ
ಕಾಣದ ಊರಿನ ಕಥೆಯನು ಬೆರೆಸಿ
ಕೋಟೆಯ ನೆರಳಲಿ ಒಂದರೆಗಳಿಗೆ
ನೋಟವ ಬೀರುತ ಅಳಿವೆಯ ಬಳಿಗೆ
॥ಹರಿ ಹರಿ॥

ಜನಪದ ಹಾಡುಗಳಿಗೆ ಈ ಎಣಿಕೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಹಾಡುವವರು ಅಕ್ಷರವನ್ನು ಎಳೆದು ತಾಳ ತುಂಬಿಸುತ್ತಾರೆ. ಹಾಗಾಗಿ ಗೊತ್ತಿರುವವರಿಂದ ಒಮ್ಮೆ ಹಾಡಿಸಿ, ಅವರು ನಿಲ್ಲಿಸುವಲ್ಲಿ ಗುರುತು ಹಾಕಿಕೊಳ್ಳಿ.

ವರ್ಡ್‌ನಲ್ಲಿ ಪ್ರಿಂಟಿಗೆ ಸಿದ್ಧ ಮಾಡುವುದಾದರೆ ಚರಣದ ಒಳಗಿನ ಸಾಲುಗಳಿಗೆ Shift+Enter ಒತ್ತಿ, ಚರಣ ಮುಗಿದಾಗ ಮಾತ್ರ Enter ಒತ್ತಿ. ಆಗ ಒಂದು ಚರಣದ ಸಾಲುಗಳು ಹತ್ತಿರ ಹತ್ತಿರ ಕೂರುತ್ತವೆ. ವಾಟ್ಸ್ಆ್ಯಪನ್ನು ಕಂಪ್ಯೂಟರಿನಲ್ಲಿ ಬಳಸುವಾಗಲೂ ಹೊಸ ಸಾಲಿಗೆ Shift+Enter ಬೇಕು. ಬರೀ Enter ಒತ್ತಿದರೆ ಅರ್ಧ ಹಾಡು ಗ್ರೂಪಿಗೆ ಹೋಗಿಬಿಡುತ್ತದೆ.