ಅಪ್ಪ-ಅಮ್ಮನ ಮೆಡಿಕ್ಲೈಮ್ ದುಬಾರಿಯಾಗಿದ್ದು ಯಾಕೆ, ನಾವು ಸರಿಮಾಡಿದ್ದು ಹೇಗೆ

ನಮ್ಮ ಕಂಪನಿಯ ಗ್ರೂಪ್ ಮೆಡಿಕ್ಲೈಮ್ ನೋಡಿಕೊಳ್ಳುವುದು ನನ್ನ ಕೆಲಸ. ಅಪ್ಪ-ಅಮ್ಮನಿಗೂ ಕವರ್ ಬೇಕು ಅಂತ ಎಲ್ಲರೂ ಕೇಳುತ್ತಿದ್ದರು. ಬೇಕಾದವರು ಸೇರಲಿ, ಪ್ರೀಮಿಯಂ ಅವರೇ ಕಟ್ಟಲಿ ಅಂತ ತೀರ್ಮಾನವಾಯಿತು.

ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿಯಲ್ಲೇ ಹೇಳುತ್ತೇನೆ. 200 ಜನರಲ್ಲಿ ಸೇರಿದ್ದು 60 ಜನ, ತಲಾ 18,000 ರೂಪಾಯಿ, ಒಟ್ಟು 10.8 ಲಕ್ಷ. ಬಂದ ಕ್ಲೈಮ್ 17 ಲಕ್ಷ! ಮುಂದಿನ ವರ್ಷ ವಿಮಾ ಕಂಪನಿ 30,000 ಕೇಳಿತು. ಆಗ ಅಪ್ಪ-ಅಮ್ಮ ಗಟ್ಟಿಮುಟ್ಟಾಗಿದ್ದವರು ಬಿಟ್ಟುಹೋದರು. ಉಳಿದ 35 ಜನರಿಂದ ಬಂದಿದ್ದು 10.5 ಲಕ್ಷ, ಆದರೆ ಕ್ಲೈಮ್ ಇಳಿದಿದ್ದು ಬರೀ 15 ಲಕ್ಷಕ್ಕೆ. ರೇಟು ಏರಿಸಿದಷ್ಟೂ ಆರೋಗ್ಯವಂತರು ಹೊರಗೆ ಹೋಗುತ್ತಾರೆ, ಕಾಯಿಲೆ ಇದ್ದವರೇ ಉಳಿಯುತ್ತಾರೆ. ಇದೇ ಅಡ್ವರ್ಸ್ ಸೆಲೆಕ್ಷನ್.

ಕೋ-ಪೇ ಹಾಕಿದರೆ, ಅಂದರೆ ಬಿಲ್ಲಿನ ಒಂದು ಪಾಲು ನೌಕರರೇ ಕೈಯಿಂದ ಕೊಡುವಂತೆ ಮಾಡಿದರೆ, ಸರಿಹೋಗುತ್ತೆ ಅಂತ ಹಲವರು ಹೇಳಿದರು. ನಾನು ಮೊದಲು ಕ್ಲೈಮ್ ಪಟ್ಟಿ ತೆಗೆದು ಎರಡು ವಿಷಯ ನೋಡಿದೆ. ಒಂದು, ತಾರೀಖು. ಮಂಡಿ ಬದಲಾವಣೆ, ಕಣ್ಣಿನ ಪೊರೆ, ಹರ್ನಿಯಾ, ಹೀಗೆ ಕಾಯಬಹುದಾದ ಆಪರೇಷನ್‌ಗಳೇ ಪಾಲಿಸಿ ಶುರುವಾದ ಮೊದಲ ಮೂರು ತಿಂಗಳಲ್ಲಿ ತುಂಬಿಕೊಂಡಿದ್ದವು. ಅಂದರೆ ಆಪರೇಷನ್ ಬೇಕು ಅಂತ ಗೊತ್ತಾದ ಮೇಲೆ ಸೇರಿದ್ದಾರೆ. ಗ್ರೂಪ್ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ ಸಾಮಾನ್ಯವಾಗಿ ಕಾಯುವ ಅವಧಿ ಇರುವುದಿಲ್ಲ. ಅಪ್ಪನಿಗೆ ನೋವಿರುವಾಗ ಮಗ ಸೇರಿಸದೆ ಇರುತ್ತಾನಾ? ಇದರಲ್ಲಿ ಮೋಸ ಏನೂ ಇಲ್ಲ, ಅವನ ಜಾಗದಲ್ಲಿ ನಾನಿದ್ದರೂ ಅದೇ ಮಾಡುತ್ತಿದ್ದೆ.

ಎರಡನೆಯದು, ಒಂದೊಂದು ಬಿಲ್ಲಿನ ಗಾತ್ರ. ಅದೇ ಆಸ್ಪತ್ರೆಯಲ್ಲಿ ಕೈಯಿಂದ ದುಡ್ಡು ಕಟ್ಟುವವರು ಪೊರೆಗೆ ಸಾಧಾರಣ ಲೆನ್ಸ್ ಹಾಕಿಸಿಕೊಳ್ಳುತ್ತಿದ್ದರೆ, ನಮ್ಮವರ ಬಿಲ್ಲಿನಲ್ಲಿ ದುಬಾರಿ ಮಲ್ಟಿಫೋಕಲ್ ಲೆನ್ಸ್, ಜೊತೆಗೆ ಸಿಂಗಲ್ ರೂಮ್. ರೂಮ್ ದರ್ಜೆ ಮೇಲಾದರೆ ಎಷ್ಟೋ ಆಸ್ಪತ್ರೆಗಳಲ್ಲಿ ಡಾಕ್ಟರ್ ಫೀಸು, ಓಟಿ ಚಾರ್ಜು ಕೂಡ ಏರುತ್ತದೆ. ವಿಮೆ ಇದೆ ಅಂತ ಖರ್ಚಿನ ಕಡೆ ಗಮನ ಸಡಿಲವಾಗುವುದೇ ಮಾರಲ್ ಹಜಾರ್ಡ್.

ಇದಕ್ಕೆ ಕೋ-ಪೇ ಮದ್ದು, ಮೊದಲನೆಯದಕ್ಕೆ ಅಲ್ಲ. 20 ಪರ್ಸೆಂಟ್ ಕೈಯಿಂದ ಕೊಡಬೇಕು ಅಂದರೂ ಮಂಡಿ ಆಪರೇಷನ್ ಬೇಕಾದವರು ಸೇರಿಯೇ ಸೇರುತ್ತಾರೆ, ಅಲ್ವಾ? ಆರೋಗ್ಯವಾಗಿರುವವರಿಗೆ ಮಾತ್ರ ಪಾಲಿಸಿ ಇನ್ನೂ ಸಪ್ಪೆ ಅನ್ನಿಸುತ್ತದೆ.

ಹಾಗಾಗಿ ಮೊದಲು ಎಲ್ಲರನ್ನೂ ಒಳಗೆ ತಂದೆವು. 200 ಜನರೂ ಸೇರುವುದಾದರೆ ತಲಾ 12,000 ಸಾಕು ಅಂತ ವಿಮಾ ಕಂಪನಿ ಒಪ್ಪಿತು. ಅರ್ಧ ನಮ್ಮ ಕಂಪನಿಯದು, ಉಳಿದರ್ಧ ಸಂಬಳದಲ್ಲಿ ತಿಂಗಳಿಗೆ 500. ಹೊಸಬರು ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು ಕೊಡಬೇಕು, ವರ್ಷದ ಮಧ್ಯೆ ಸೇರಿಸುವಂತಿಲ್ಲ.

ಆಮೇಲೆ ಕೋ-ಪೇ, ಅದೂ ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗುವ ಆಪರೇಷನ್‌ಗಳಿಗೆ ಮಾತ್ರ. ನಮ್ಮ ಸಹೋದ್ಯೋಗಿಯೊಬ್ಬರು ಅಮ್ಮನ ಪೊರೆ ತೆಗೆಸುವಾಗ, "ಡಾಕ್ಟ್ರೇ, ಓದೋಕೆ ಕನ್ನಡಕ ಹಾಕ್ಕೊಂಡ್ರೆ ಸಾಧಾರಣ ಲೆನ್ಸ್ ಸಾಕಾ?" ಅಂತ ಕೇಳಿದರಂತೆ. ಸಾಕು ಅಂದರಂತೆ. ಹೃದಯಾಘಾತ, ಅಪಘಾತಕ್ಕೆ ಕೋ-ಪೇ ಬೇಡವೇ ಬೇಡ ಅಂತ ನಾನು ಹಟ ಹಿಡಿದೆ. ಅಲ್ಲಿ ಯಾರೂ ರೂಮ್ ಆರಿಸುತ್ತಾ ಕೂರುವುದಿಲ್ಲ, ಕಡಿಮೆ ಸಂಬಳದವರಿಗೆ ಆ 20 ಪರ್ಸೆಂಟೇ ಸಾಲವಾಗುತ್ತದೆ.