ಸೆಟ್ ಸರಿಸುವಾಗ ನಿರೂಪಕಿ ಏನು ಮಾತಾಡಬೇಕು: ನನ್ನ ಅನುಭವ

"ನಿರೂಪಣೆ ಬೇಡ ಸರ್, ಸುಮ್ನೆ ಒಂದು ಹಾಡು ಹಾಕಿಬಿಡಿ" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಈ ಸಲ ಕುಮಾರರಾಮನ ನಾಟಕ ಮುಗಿದ ಮೇಲೆ ಅವರೇ ಬಂದು ಸ್ಕ್ರಿಪ್ಟ್ ಕೇಳಿದರು!

ನಮ್ಮದು ಗಂಗಾವತಿ ಕಡೆಯ ಶಾಲೆ. ಕುಮಾರರಾಮನ ಕೋಟೆ ಕುಮ್ಮಟದುರ್ಗ ನಮ್ಮ ಜಿಲ್ಲೆಯದೇ, ಕಥೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅವನ ಮಲತಾಯಿ ರತ್ನಾಜಿಯ ಪ್ರಸಂಗ ಮಕ್ಕಳಿಗೆ ಹೊಂದಲ್ಲ ಅಂತ ಕೈಬಿಟ್ಟೆ. ಉಳಿದ ತಲೆನೋವು ಒಂದೇ, ಅರಮನೆ ತೆಗೆದು ಪ್ಲೈವುಡ್ಡಿನ ಕೋಟೆ ಬಾಗಿಲು ನಿಲ್ಲಿಸೋದು.

ಮೊದಲ ವರ್ಷ ಒಂದು ಪುಟದ ಪದ್ಯ ಬರೆದಿದ್ದೆ. ಸೆಟ್ ಬೇಗ ರೆಡಿಯಾಗಿ, ಹುಡುಗಿ ಇನ್ನೂ ಎರಡನೇ ನುಡಿಯಲ್ಲಿರುವಾಗಲೇ ಪರದೆ ಎದ್ದಿತು. ಮರುವರ್ಷ ಸ್ಟುಡಿಯೋಗೆ ಸಾವಿರದೈನೂರೋ ಏನೋ ಕೊಟ್ಟು ರೆಕಾರ್ಡ್ ಮಾಡಿಸಿದೆ. ಧ್ವನಿ ಮುಗಿಯಿತು, ಬಾಗಿಲು ನಿಲ್ಲಲಿಲ್ಲ. ಆ ಮೌನದಲ್ಲಿ ಪರದೆ ಹಿಂದಿಂದ "ಏ, ಆ ಕಡೆ ಎತ್ತಲೇ" ಅನ್ನೋದು ಹೆಡ್ ಮಾಸ್ತರರಿಗೂ ಕೇಳಿಸಿತು.

ಈ ಸಲ ಮೊದಲು ಗಡಿಯಾರ, ಆಮೇಲೆ ಪೆನ್ನು. ನಾಲ್ಕು ಹುಡುಗರಿಂದ ಮೂರು ಸಲ ಸೆಟ್ ಬದಲಿಸಿ ನೋಡಿದೆ. ಬೇಗ ಅಂದರೆ ಒಂದು ನಿಮಿಷ, ಬಾಗಿಲಿಗೆ ಕೊಟ್ಟ ಊರುಗೋಲು ಜಾರಿದಾಗ ಎರಡರ ಮೇಲೆ. ಹಾಗಾಗಿ ಬೇಗ ಮುಗಿದ ಲೆಕ್ಕಕ್ಕೇ ಮಾತು ಬರೆದೆ, ನಡುವೆ ಮಾತ್ರ ಜಗ್ಗಲು ಜಾಗ ಬಿಟ್ಟೆ. ಶುರುವಿನ ಸಾಲು ಸದ್ದನ್ನೇ ಕಥೆ ಮಾಡುತ್ತದೆ:

"ಕೇಳಿಸ್ತಿದೆಯಾ ಈ ಟಕ್ ಟಕ್? ದೆಹಲಿಯ ಸೈನ್ಯ ಬರುವ ಸುದ್ದಿ ತಿಳಿದು ಕುಮ್ಮಟದಲ್ಲಿ ಕೋಟೆ ಬಾಗಿಲು ಬಿಗಿ ಮಾಡ್ತಿದ್ದಾರೆ."

ಮೊಳೆ ಹೊಡೆದಷ್ಟೂ ಒಳ್ಳೆಯದೇ, ಅಲ್ವಾ? ಜಗ್ಗುವ ಜಾಗಕ್ಕೆ ನಾಲ್ಕು ಬಿಡಿ ಮಾತು ಕೊಟ್ಟಿದ್ದೆ. "ಕುಮ್ಮಟದ ಗುಡ್ಡ ಹತ್ತಿದವರು ಕೈ ಎತ್ತಿ" ಅನ್ನೋ ಥರದವು, ಒಂದೊಂದು ಹದಿನೈದು ಸೆಕೆಂಡು. ಯಾವುದನ್ನು ಬಿಟ್ಟರೂ ಕಥೆ ತುಂಡಾಗಬಾರದು. ಕೊನೆಗೆ ಮಾತ್ರ "ಕೋಟೆ ಬಾಗಿಲು ತೆರೆಯಲಿ!" ಅನ್ನಲೇಬೇಕು. ಪರದೆ ಹುಡುಗನಿಗೆ ಅದೇ ಸೂಚನೆ, ಬೇರೆ ಯಾವ ಮಾತಿಗೂ ಅವನು ಹಗ್ಗ ಮುಟ್ಟುವಂತಿಲ್ಲ.

ಸೆಟ್ ರೆಡಿ ಅಂತ ಪರದೆ ಮುಂದಿನ ನಿರೂಪಕಿಗೆ ತಿಳಿಯೋದು ಹೇಗೆ? ಟಾರ್ಚ್ ಹಾಕಿಸಿ ನೋಡಿದೆ, ಸ್ಟೇಜ್ ಲೈಟಿನಲ್ಲಿ ಕಾಣಲಿಲ್ಲ. ಕೊನೆಗೆ ಪರದೆ ಕೆಳಗಿಂದ ಒಬ್ಬ ಕೈ ಚಾಚಿ ಅವಳ ಹಿಮ್ಮಡಿಗೆ ಎರಡು ಸಲ ತಟ್ಟಿದ. ಖರ್ಚು ಸೊನ್ನೆ.

ನಡುವೆ ದೊಡ್ಡಾಟದ ಸಾರಥಿಯ ಹಾಗೆ ಇನ್ನೊಬ್ಬನನ್ನು ಪ್ರಶ್ನೆ ಕೇಳಲು ನಿಲ್ಲಿಸಿ ನೋಡಿದೆ. ಜನ ನಕ್ಕರೆ ಅವನು ನಿಲ್ಲಿಸೋದೇ ಇಲ್ಲ, ಹಿಮ್ಮಡಿ ತಟ್ಟಿದರೂ ಅಷ್ಟೇ. ಪ್ರಾಕ್ಟೀಸಿನಲ್ಲೇ ತೆಗೆದೆ. ಮೈಕ್ ಎಲ್ಲಿಟ್ಟರೆ ಸೆಟ್ಟಿನ ಸದ್ದು ಅರ್ಧ ತಗ್ಗುತ್ತದೆ ಅನ್ನೋದನ್ನು ಈಗ ಹೇಳಲ್ಲ, ಮುಂದೆ ತಾಲೂಕು ಸ್ಪರ್ಧೆ ಇದೆ.

ಅವತ್ತು ಊರುಗೋಲು ಮತ್ತೆ ಜಾರಿತು. ನಾಲ್ಕೂ ಮಾತು ಖರ್ಚಾದವು. ಹುಡುಗಿ ಗಾಬರಿಯಾಗದೆ "ಬಾಗಿಲು ಭಾರ ಇದೆ, ಇನ್ನೂ ನಾಲ್ಕು ಜನ ಬನ್ನಿ" ಅಂದಳು. ಮುಂದಿನ ಸಾಲಿನ ತಾತ ಒಬ್ಬರು ಪಂಚೆ ಕಟ್ಟಿ ಎದ್ದೇಬಿಟ್ಟರು.